ಕೆಳಗೆ ಡಾರ್ಕ್, ನಡುವೆ ಹೂವು, ಮೇಲೆ ಲೈಟ್: ಈ ಸೆಟ್ ಬೇಡ ಅನ್ನಿ

1/9

ಫೋನ್ ಹಿಡ್ಕೊಂಡೇ ಎದ್ದು ಹೋಗಿ, ನಿಮ್ಮ ಮನೆ ಬಾತ್‌ರೂಮ್ ಬಾಗಿಲು ತೆಗೆದು ನೋಡಿ. ನೆಲದಿಂದ ಮೂರಡಿವರೆಗೆ ಕಾಫಿ ಬ್ರೌನ್ ಅಥವಾ ಕಡು ನೀಲಿ. ಅದರ ಮೇಲೆ ಒಂದು ಸಾಲು ಹೂವು, ಇಲ್ಲಾಂದ್ರೆ ಬೆಣಚುಕಲ್ಲು, ಇಲ್ಲಾಂದ್ರೆ ನೀರಿನ ಹನಿ. ಅದರ ಮೇಲೆ ಕ್ರೀಮ್. ಸರಿ ತಾನೇ? ನೂರು ಮನೆ ನೋಡಿದ್ರೆ ಅದರಲ್ಲಿ ಬಹಳಷ್ಟು ಮನೆಗಳಲ್ಲಿ ಇದೇ ಕಥೆ. ಟೈಲ್ಸ್ ಅಂಗಡಿಯಲ್ಲಿ ಇದಕ್ಕೆ ‘ಡಾರ್ಕ್, ಲೈಟ್, ಹೈಲೈಟರ್’ ಅಂತಾರೆ. ಮೂರೂ ಸೇರಿಸಿ ಒಂದು ಬೋರ್ಡಿಗೆ ಅಂಟಿಸಿ ಗೋಡೆಗೆ ಒರಗಿಸಿ ಇಟ್ಟಿರ್ತಾರೆ. ಅಪ್ಪ ಅಮ್ಮ ಹೋಗ್ತಾರೆ, ಬೋರ್ಡ್ ನೋಡ್ತಾರೆ, ‘ಚೆನ್ನಾಗಿದೆ, ಇದೇ ಕೊಡಿ’ ಅಂತಾರೆ. ಮುಗೀತು. ಇನ್ನು ಹದಿನೈದು ವರ್ಷ ಅದೇ ಹೂವು.

ನಾನು ಹೇಳೋದು ಇಷ್ಟೇ. ನಮ್ಮಂಥವರ ಮನೆಯ ನಾಲ್ಕಡಿ ಅಗಲ, ಏಳಡಿ ಉದ್ದದ ಬಾತ್‌ರೂಮಿಗೆ ಈ ಸೆಟ್ಟಿಗಿಂತ ಕೆಟ್ಟ ಆಯ್ಕೆ ಇಲ್ಲ. ಅದು ಜಾಗವನ್ನು ಚಿಕ್ಕದು ಮಾಡುತ್ತೆ, ಕೊಳೆಯನ್ನು ದೊಡ್ಡದು ಮಾಡುತ್ತೆ. ‘ರುಚಿ ಅವರವರಿಗೆ ಬಿಟ್ಟದ್ದು’ ಅಂತ ಕಾಮೆಂಟ್ ಹಾಕೋಕೆ ರೆಡಿ ಆಗಿದ್ದೀರಲ್ಲ, ಸ್ವಲ್ಪ ತಡೀರಿ. ಇದು ರುಚಿ ವಿಷಯ ಅಲ್ಲ. ಟೇಪ್ ಹಿಡಿದು ಅಳೆದು ತೋರಿಸಬಹುದಾದ ವಿಷಯ.

2/9

ಮೊದಲು ಚಿಕ್ಕದು ಯಾಕೆ ಕಾಣುತ್ತೆ ಅನ್ನೋದು.

ಗಿಡ್ಡಗಿರೋ ಗೆಳೆಯನಿಗೆ ಬಿಳಿ ಶರ್ಟು, ಕಪ್ಪು ಪ್ಯಾಂಟು, ನಡುವೆ ಮಿಂಚೋ ಅಗಲ ಬೆಲ್ಟು ಹಾಕಿ ನಿಲ್ಲಿಸಿ. ಇನ್ನೂ ಎರಡಿಂಚು ಗಿಡ್ಡ ಕಾಣ್ತಾನೆ. ಅದೇ ಹುಡುಗನಿಗೆ ಮೇಲಿಂದ ಕೆಳಗಿನವರೆಗೆ ಒಂದೇ ಬಣ್ಣ ಹಾಕಿಸಿ, ಎತ್ತರ ಬಂದ ಹಾಗಿರುತ್ತೆ. ಕಣ್ಣು ಎಲ್ಲಿ ಬಣ್ಣ ಮುರಿಯುತ್ತೋ ಅಲ್ಲಿ ನಿಲ್ಲುತ್ತೆ. ಗೋಡೆಗೂ ಇದೇ ನಿಯಮ. ಏಳಡಿ ಟೈಲ್ಸ್ ಗೋಡೆಯನ್ನು ಮೂರು, ಒಂದು, ಮೂರು ಅಡಿಗಳ ಪಟ್ಟಿಯಾಗಿ ಕತ್ತರಿಸಿದ್ರೆ ನಿಮಗೆ ಏಳಡಿ ಗೋಡೆ ಕಾಣೋದಿಲ್ಲ, ಮೂರು ಗಿಡ್ಡ ಗೋಡೆ ಕಾಣುತ್ತೆ. ಹೈಲೈಟರ್ ಸಾಲು ನಾಲ್ಕೂ ಗೋಡೆ ಸುತ್ತಿ ಬರೋದ್ರಿಂದ ಇನ್ನೊಂದು ತೊಂದರೆ. ರೂಮಿನ ಸೊಂಟಕ್ಕೆ ಹಗ್ಗ ಕಟ್ಟಿದ ಹಾಗೆ ಅದು ಮೂಲೆ ಮೂಲೆಯನ್ನೂ ಗುರುತು ಮಾಡಿ ತೋರಿಸುತ್ತೆ. ಗೋಡೆ ಎಷ್ಟು ಹತ್ತಿರ ಇದೆ ಅಂತ ನಿಮಗೆ ಮರೆಯೋಕೇ ಬಿಡಲ್ಲ.

ಆಮೇಲೆ ಬೆಳಕು. ನಮ್ಮ ಬಾತ್‌ರೂಮಿಗೆ ಇರೋದು ಒಂದು ವೆಂಟಿಲೇಟರ್, ಅದೂ ಎತ್ತರದಲ್ಲಿ, ಅದರಲ್ಲೂ ಅರ್ಧ ಎಕ್ಸಾಸ್ಟ್ ಫ್ಯಾನ್. ಮೇಲಿಂದ ಬಂದ ಬೆಳಕು ಕೆಳಗಿನ ಗೋಡೆಗೆ ಬಿದ್ದು, ಅಲ್ಲಿಂದ ಪುಟಿದು ರೂಮ್ ತುಂಬಬೇಕು. ಬಿಳಿಗೆ ಹತ್ತಿರದ ಟೈಲ್ ಆದ್ರೆ ಬಿದ್ದ ಬೆಳಕಲ್ಲಿ ಮುಕ್ಕಾಲು ಪಾಲನ್ನಾದರೂ ವಾಪಸ್ ಕೊಡುತ್ತೆ. ಕಾಫಿ ಬ್ರೌನ್ ಹತ್ತರಲ್ಲಿ ಒಂದು ಪಾಲು ಕೊಟ್ಟರೆ ಹೆಚ್ಚು. ಈ ಸೆಟ್ಟಲ್ಲಿ ಬ್ರೌನ್ ಇರೋದು ಎಲ್ಲಿ? ಕೆಳಗಿನ ಮೂರಡಿ, ಅಂದ್ರೆ ಬೆಳಕು ಬಂದು ಬೀಳೋ ಜಾಗದಲ್ಲೇ. ಅದಕ್ಕೇ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕ್ಕೊಂಡು ಸ್ನಾನ ಮಾಡ್ತೀರಿ.

3/9

‘ಕೆಳಗೆ ಡಾರ್ಕ್ ಇದ್ರೆ ಕೊಳೆ ಕಾಣಲ್ಲ ಸರ್.’

ಅಂಗಡಿಯವರ ಬ್ರಹ್ಮಾಸ್ತ್ರ ಇದು. ಮನೇಲಿ ಎಲ್ಲರೂ ಇದನ್ನು ನಂಬಿಬಿಡ್ತಾರೆ. ನಾನು ಕೇಳೋದು: ಯಾವ ಕೊಳೆ?

ಹೊರಗಿನ ಮೆಟ್ಟಿಲಾದ್ರೆ ಮಣ್ಣು, ಒಪ್ಪಿದೆ. ಬಾತ್‌ರೂಮ್ ಗೋಡೆಗೆ ಮಣ್ಣು ಎಲ್ಲಿಂದ ಬರುತ್ತೆ? ಗೋಡೆ ಮೇಲೆ ಕೂರೋದು ಉಪ್ಪು ನೀರಿನ ಕಲೆ. ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತೆ. ಹನಿ ಗೋಡೆಗೆ ಸಿಡಿಯುತ್ತೆ, ನೀರು ಆರಿಹೋಗುತ್ತೆ, ಉಳಿದಿದ್ದು ಬಿಳಿ ಪುಡಿಯಾಗಿ ಅಂಟಿಕೊಳ್ಳುತ್ತೆ. ಕ್ಯಾಂಪಸ್ಸಿನ ಹಳೇ ಗೀಸರ್ ಬಿಚ್ಚಿದಾಗ ಕಾಯಿಲ್ ಮೇಲೆ ಸುಣ್ಣದ ಹಾಗೆ ಇರುತ್ತಲ್ಲ, ಅದೇ. ಅದರ ಜೊತೆಗೆ ಸೋಪು. ಸೋಪು ಉಪ್ಪು ನೀರಿನ ಜೊತೆ ಸೇರಿ ಕರಗದ ಒಂದು ಜಿಡ್ಡಾಗುತ್ತೆ. ಅದರ ಬಣ್ಣವೂ ಬಿಳಿ ಬೂದಿ. ಅಂದ್ರೆ ನಮ್ಮ ಬಾತ್‌ರೂಮ್ ಗೋಡೆಯ ಕೊಳೆ ತಿಳಿ ಬಣ್ಣದ್ದು. ತಿಳಿ ಕೊಳೆಯನ್ನು ಎತ್ತಿ ತೋರಿಸೋಕೆ ಕಪ್ಪು ಹಲಗೆಗಿಂತ ಒಳ್ಳೆ ಜಾಗ ಬೇಕಾ? ಕಾಫಿ ಬ್ರೌನ್ ಗ್ಲಾಸಿ ಟೈಲ್ ಮೇಲೆ ಬಕೆಟ್ ಎತ್ತರಕ್ಕೆ ಬಿಳಿ ಚುಕ್ಕಿ ಚುಕ್ಕಿ ಇರೋದನ್ನ ನೀವೆಲ್ಲ ನೋಡಿದ್ದೀರಿ. ಅದು ಗಲೀಜಿನ ಮನೆ ಅಲ್ಲ. ತಪ್ಪು ಬಣ್ಣದ ಮನೆ.

ಕಾವೇರಿ ನೀರು ಬರೋ ಮನೆಗಳಲ್ಲಿ ಇದು ಕಡಿಮೆ, ನಿಜ. ಆದ್ರೆ ಬೇಸಿಗೆ ಬಂದಾಗ ಟ್ಯಾಂಕರ್ ಕರೆಸ್ತೀರಲ್ಲ, ಅದು ಬಹುತೇಕ ಬೋರ್ ನೀರೇ.

ಈಗ ಆ ಚುಕ್ಕಿಯನ್ನು ಯಾರು ಉಜ್ಜೋದು ಅಂತ ಕೇಳ್ಕೊಳ್ಳಿ. ಟೈಲ್ ಆರಿಸಿದವರಾ? ಅಲ್ಲ. ಅಮ್ಮ, ಇಲ್ಲಾಂದ್ರೆ ಮನೆಗೆಲಸಕ್ಕೆ ಬರೋ ಅಕ್ಕ. ಕೈಯಲ್ಲಿ ಆಗದಿದ್ದಾಗ ಬಾತ್‌ರೂಮ್ ಆಸಿಡ್ ಬಾಟಲಿ ಬರುತ್ತೆ. ಆಸಿಡ್ ಬಿಳಿ ಕಲೆಯನ್ನು ತಿನ್ನುತ್ತೆ, ಜೊತೆಗೆ ಟೈಲ್ ಸಂದಿಯ ಸಿಮೆಂಟ್ ಗ್ರೌಟನ್ನೂ ತಿನ್ನುತ್ತೆ, ಯಾಕಂದ್ರೆ ಅದರಲ್ಲೂ ಇರೋದು ಕ್ಯಾಲ್ಸಿಯಮ್ಮೇ. ಗ್ರೌಟ್ ಸವೆದು ಗುಳಿ ಬಿದ್ದ ಸಂದಿಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತೆ. ಆಸಿಡ್ ಹಾಕಿದ ಕಡೆ ಬ್ಲೀಚ್ ಬಿದ್ದರಂತೂ ಕ್ಲೋರಿನ್ ಗ್ಯಾಸ್ ಏಳುತ್ತೆ, ನಾಲ್ಕಡಿ ರೂಮಲ್ಲಿ ಉಸಿರು ಕಟ್ಟುತ್ತೆ. ಎರಡನ್ನೂ ಯಾವತ್ತೂ ಸೇರಿಸಬೇಡಿ. ಒಂದು ಟೈಲ್ ಬಣ್ಣದ ಆಯ್ಕೆ ಯಾರ ಶ್ವಾಸಕೋಶದವರೆಗೆ ಹೋಗುತ್ತೆ ನೋಡಿ.

4/9

ಇಷ್ಟು ಓದಿದ ಮೇಲೆ ಕ್ಲಾಸಲ್ಲಿ ಅರ್ಧ ಜನ ಹೇಳೋದು: ‘ಹಾಗಾದ್ರೆ ಫುಲ್ ವೈಟ್ ಮಾಡಿಸ್ತೀನಿ ಬಿಡು. ಬಿಳಿ ಗೋಡೆ, ಬಿಳಿ ನೆಲ, ಬಿಳಿ ಟವೆಲ್, ಹೋಟೆಲ್ ಥರ.’

ಅದೂ ಬೇಡ ಮಗಾ.

ಹೋಟೆಲಲ್ಲಿ ಬಿಳಿ ಟವೆಲ್ ಇರೋದು ಅಂದಕ್ಕಾಗಿ ಮಾತ್ರ ಅಲ್ಲ. ಎಲ್ಲಾ ರೂಮಿನ ಟವೆಲ್ಲನ್ನೂ ಒಟ್ಟಿಗೆ ಬಿಸಿ ನೀರಲ್ಲಿ ಬ್ಲೀಚ್ ಹಾಕಿ ಒಗೆಯಬಹುದು ಅಂತ. ಬಣ್ಣ ಬಿಡುತ್ತೆ ಅನ್ನೋ ಭಯ ಇಲ್ಲ. ಬೆಳ್ಳಗಾಗದಿದ್ರೆ ಕಿತ್ತುಹಾಕಿ ಹೊಸದು ಇಡ್ತಾರೆ. ನಮ್ಮ ಮನೇಲಿ ಅದೇ ಬಿಳಿ ಟವೆಲ್ ಉಪ್ಪು ನೀರಲ್ಲಿ, ಜೀನ್ಸ್ ಜೊತೆ ಮಷೀನಿಗೆ ಬೀಳುತ್ತೆ. ಕೆಲವೇ ತಿಂಗಳಲ್ಲಿ ಬೂದಿ ಬಣ್ಣ. ಆ ಬೂದಿ ಟವೆಲ್ಲನ್ನು ಹಾಲಿನಂಥ ಗೋಡೆ ಮುಂದೆ ನೇತುಹಾಕಿದ್ರೆ ಗೋಡೆ ಅದನ್ನು ಚಾಡಿ ಹೇಳುತ್ತೆ. ಒಗೆದ ಟವೆಲ್ಲೂ ಒಗೆಯದ ಹಾಗೆ ಕಾಣುತ್ತೆ.

ನೆಲ ಬಿಳಿ ಆದ್ರೆ ಉದುರಿದ ಪ್ರತಿ ಕೂದಲೂ ಎದ್ದು ಕಾಣುತ್ತೆ. ನೆಲದ ಬಿಳಿ ಗ್ರೌಟ್ ಒಂದು ಮಳೆಗಾಲ ಕಳೆಯೋದ್ರಲ್ಲಿ ಟೀ ಬಣ್ಣಕ್ಕೆ ತಿರುಗುತ್ತೆ. ಇದನ್ನು ತಪ್ಪಿಸೋಕೆ ಅಂತ ಬಿಳಿ ಟೈಲಿಗೆ ಕಪ್ಪು ಗ್ರೌಟ್ ಹಾಕಿಸೋರು ಇದ್ದಾರೆ. ದೊಡ್ಡ ಬಾತ್‌ರೂಮಲ್ಲಿ ಅದು ಫೋಟೋಗೆ ಚೆನ್ನ. ನಾಲ್ಕಡಿಯಲ್ಲಿ ಅದು ಗಣಿತದ ಗ್ರಾಫ್ ಪುಸ್ತಕದೊಳಗೆ ಕೂತು ಸ್ನಾನ ಮಾಡಿದ ಹಾಗೆ. ಒಂದೊಂದು ಗೆರೆಯೂ ‘ಇಲ್ಲಿಗೆ ಒಂದಡಿ, ಇಲ್ಲಿಗೆ ಎರಡಡಿ’ ಅಂತ ಅಳತೆ ಹೇಳ್ತಾ ಕೂರುತ್ತೆ.

ಇನ್ನು ರೀಲ್ಸಲ್ಲಿ ಬರೋ ಫುಲ್ ಬ್ಲ್ಯಾಕ್ ಬಾತ್‌ರೂಮ್. ಅದನ್ನು 0.5 ಲೆನ್ಸಲ್ಲಿ, ಕನ್ನಡಿ ಹಿಂದೆ, ಸೀಲಿಂಗ್ ಒಳಗೆ ಲೈಟ್ ಪಟ್ಟಿ ಕೂರಿಸಿ, ನೀರು ಮುಟ್ಟಿಸೋಕೆ ಮೊದಲು ತೆಗೆದಿರ್ತಾರೆ. ಆ ಲೆನ್ಸ್ ನಿಮ್ಮ ಹಾಸ್ಟೆಲ್ ರೂಮನ್ನೂ ಫಂಕ್ಷನ್ ಹಾಲ್ ಮಾಡಿ ತೋರಿಸುತ್ತೆ. ಅದರ ಬಗ್ಗೆ ಇನ್ನು ಮಾತೇ ಬೇಡ.

5/9

ಹಾಗಾದ್ರೆ ಏನು ಹಾಕೋದು? ತುಮಕೂರಲ್ಲಿ ನಮ್ಮ ಚಿಕ್ಕಮ್ಮ ಮನೆ ಕಟ್ಟಿಸುವಾಗ ಮಾಡಿದ್ದನ್ನೇ ಹೇಳ್ತೀನಿ. ಬೋರ್ ನೀರಿನ ಮನೆ, ನಾಲ್ಕು ಬೈ ಏಳಡಿ ಬಾತ್‌ರೂಮ್, ಎರಡೂವರೆ ಅಡಿ ಬಾಗಿಲು. ಚಿಕ್ಕಮ್ಮ ಬ್ರೌನ್ ಹೂವಿನ ಸೆಟ್ ಬುಕ್ ಮಾಡೋಕೆ ಹೊರಟಿದ್ರು. ನಾನು ಜಗಳ ಆಡಿದೆ. ಚಿಕ್ಕಪ್ಪ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ಗೋಡೆಗೆ ನೆಲದಿಂದ ಮೇಲಿನವರೆಗೆ ಒಂದೇ ಬಣ್ಣ: ದಂತದ ಬಣ್ಣಕ್ಕೆ ಒಂಚೂರು ಬೂದು ಬೆರೆಸಿದ ಹಾಗಿರೋ ತಿಳಿ ಬಣ್ಣ. ಅಂಗಡಿಯಲ್ಲಿ ಐವರಿ, ಲೈಟ್ ಬೀಜ್ ಅಂತ ಏನೇನೋ ಹೆಸರು ಇರುತ್ತೆ, ಹೆಸರು ನೋಡಬೇಡಿ, ಟೈಲ್ ನೋಡಿ. ಮಜ್ಜಿಗೆಯಷ್ಟು ಬಿಳಿ ಸಾಕು, ಹಾಲಿನಷ್ಟು ಬೇಡ. ಈ ಬಣ್ಣದ ಮೇಲೆ ಉಪ್ಪಿನ ಬಿಳಿ ಚುಕ್ಕಿ ಬಿದ್ದರೂ ಕರಗಿಹೋಗುತ್ತೆ, ಬೆಳಕೂ ವಾಪಸ್ ಬರುತ್ತೆ. ಮೇಲ್ಮೈ ತೀರಾ ಕನ್ನಡಿಯಂತೆ ಅಲ್ಲ, ಸ್ವಲ್ಪ ಹೊಳಪಿದ್ದರೆ ಸಾಕು.

ನೆಲಕ್ಕೆ ಅದೇ ಮನೆತನದ ಬಣ್ಣ, ಎರಡು ಮೆಟ್ಟಿಲು ಕೆಳಗಿಳಿದದ್ದು. ಒದ್ದೆ ಮರಳಿನ ಬಣ್ಣ ಅಂದ್ಕೊಳ್ಳಿ. ಮ್ಯಾಟ್, ಆಂಟಿ ಸ್ಕಿಡ್, ಒಂದಡಿ ಚೌಕ. ಗೋಡೆಗೆ ದೊಡ್ಡ ಟೈಲ್ ಹಾಕಿ ನೆಲಕ್ಕೆ ಯಾಕೆ ಚಿಕ್ಕದು ಅಂದ್ರೆ, ನೆಲಕ್ಕೆ ನೀರು ಹೋಗೋ ಕಡೆಗೆ ಇಳಿಜಾರು ಕೊಡಬೇಕು. ದೊಡ್ಡ ಟೈಲ್ ಬಗ್ಗಲ್ಲ, ಮೂಲೇಲಿ ನೀರು ನಿಲ್ಲುತ್ತೆ. ನೆಲ, ಗೋಡೆ ಎರಡೂ ಪೂರ್ತಿ ಒಂದೇ ಬಣ್ಣ ಮಾಡೋದಕ್ಕೆ ನಾನು ಒಪ್ಪಲ್ಲ, ಅದರಲ್ಲೂ ಮನೇಲಿ ಅಜ್ಜ ಅಜ್ಜಿ ಇದ್ದರೆ. ಕಣ್ಣು ಮಂಜಾದವರಿಗೆ ಗೋಡೆ ಎಲ್ಲಿ ಮುಗೀತು, ನೆಲ ಎಲ್ಲಿ ಶುರುವಾಯ್ತು ಗೊತ್ತಾಗಬೇಕು. ಅವರು ಹಿಡಿಯೋ ಕಂಬಿ ಗೋಡೆ ಬಣ್ಣಕ್ಕೆ ಹೊಂದಬಾರದು, ಎದ್ದೇ ಕಾಣಬೇಕು. ಅಲ್ಲಿ ನನ್ನ ‘ಒಂದೇ ಬಣ್ಣ’ ವಾದ ಬಾಯಿ ಮುಚ್ಚಿಕೊಳ್ಳುತ್ತೆ.

ಗ್ರೌಟ್ ಟೈಲಿಗಿಂತ ಒಂದು ಮೆಟ್ಟಿಲು ಗಾಢ. ಗೆರೆ ಕಾಣಬಾರದು, ಆದ್ರೆ ಹಳೇದಾದ ಮೇಲೆ ಕೊಳೆಯೂ ಕಾಣಬಾರದು. ಟೈಲ್ ನಡುವೆ 2 ಮಿ.ಮೀ. ಸ್ಪೇಸರ್ ಇಡಿಸಿ. ಮೇಸ್ತ್ರಿ ‘ಸ್ಪೇಸರ್ ಬೇಡ, ಒತ್ತಾಗಿ ಕೂರಿಸ್ತೀನಿ, ಗೆರೆನೇ ಕಾಣಲ್ಲ’ ಅಂದ್ರೆ ಒಪ್ಪಬೇಡಿ. ಸಂದಿ ಇಲ್ಲದ ಕಡೆ ಗ್ರೌಟ್ ಒಳಗೆ ಇಳಿಯಲ್ಲ, ಮೇಲೆ ಸವರಿದ್ದು ಉದುರುತ್ತೆ, ನೀರು ಹಿಂದೆ ಹೋಗುತ್ತೆ. ನೆಲಕ್ಕಾದರೂ ಎಪಾಕ್ಸಿ ಗ್ರೌಟ್ ಹಾಕಿಸಿ. ದುಬಾರಿ, ಆದ್ರೆ ನೀರು ಕುಡಿಯಲ್ಲ, ಹಾಗಾಗಿ ಬಣ್ಣ ಕೆಡೋದೂ ಕಡಿಮೆ.

6/9

ಲೆಕ್ಕ ಕೇಳೋರಿಗೆ ಲೆಕ್ಕ.

ಸುತ್ತಳತೆ 22 ಅಡಿ, ಏಳಡಿ ಎತ್ತರಕ್ಕೆ 154 ಚದರಡಿ. ಬಾಗಿಲಿನ ಹದಿನೇಳೂವರೆ ಕಳೆದ್ರೆ ಸುಮಾರು 136. ಒಡೆಯೋದು, ಕತ್ತರಿಸೋದು ಅಂತ ಹತ್ತನೇ ಒಂದು ಪಾಲು ಸೇರಿಸಿದ್ರೆ 150. ಒಂದಡಿ ಬೈ ಎರಡಡಿ ಟೈಲ್ ಆದ್ರೆ 75 ತುಂಡು. ಉದ್ದನೆ ಗೋಡೆ ಏಳಡಿ ಬೈ ಏಳಡಿ ಅಲ್ವಾ, ಅಲ್ಲಿ ಒಂದಡಿ ಚೌಕದ ಟೈಲ್ ಹಾಕಿದ್ರೆ 49 ತುಂಡು ಕಾಣುತ್ತೆ. ಇದರಲ್ಲಿ ಹೆಚ್ಚುಕಡಿಮೆ 25. ಗೆರೆ ಅಷ್ಟು ಕಮ್ಮಿ. ನಾವು ಉದ್ದವನ್ನು ಅಡ್ಡಡ್ಡ ಬರೋ ಹಾಗೆ ಇಟ್ಟೆವು, ಎದುರಿನ ನಾಲ್ಕಡಿ ಗೋಡೆಯಲ್ಲಿ ಬರೀ ಎರಡು ಟೈಲ್ ಅಗಲಕ್ಕೆ ಮುಗಿದುಹೋಗುತ್ತೆ. ಇನ್ನೂ ದೊಡ್ಡದು, ಎರಡಡಿ ಬೈ ನಾಲ್ಕಡಿ ಟೈಲ್ ಹಾಕಿದ್ರೆ ಇನ್ನೂ ಚೆಂದ ಅಂತ ಅಂಗಡಿಯಲ್ಲಿ ಹೇಳ್ತಾರೆ. ನಲ್ಲಿ, ಫ್ಲಶ್, ಗೀಸರ್ ಪೈಪಿಗೆ ತೂತು ಹೊಡೆಯುವಾಗ ಒಂದು ಒಡೆದ್ರೆ ಎಂಟು ಚದರಡಿ ಹೋಯ್ತು. ಚಿಕ್ಕ ರೂಮಿಗೆ ಲಾಭ ಇಲ್ಲ.

ಸೆಟ್ ತಗೊಂಡಿದ್ರೆ ಮೂರು ಡಿಸೈನಲ್ಲೂ ಬೇರೆ ಬೇರೆ ಉಳಿಕೆ ಇಡಬೇಕಿತ್ತು. ಇಲ್ಲಿ ಒಂದೇ ಬಗೆ, ಉಳಿದ ಐದಾರು ಟೈಲ್ ಅಟ್ಟದ ಮೇಲಿದೆ. ಮುಂದೆ ಪ್ಲಂಬರ್ ಗೋಡೆ ಒಡೆದರೆ ಅದೇ ಬಣ್ಣ ಕೈಗೆ ಸಿಗುತ್ತೆ. ಬಾಕ್ಸ್ ಇಳಿಸ್ಕೊಳ್ಳುವಾಗ ಎಲ್ಲಾ ಬಾಕ್ಸಿನ ಮೇಲಿನ ಬ್ಯಾಚ್, ಶೇಡ್ ನಂಬರ್ ಒಂದೇನಾ ನೋಡಿ. ಒಂದೇ ಹೆಸರಿನ ಟೈಲ್ ಬೇರೆ ಬ್ಯಾಚಲ್ಲಿ ಬೇರೆ ಬಣ್ಣ ಇರುತ್ತೆ. ಒಂದೇ ಬಣ್ಣದ ಗೋಡೆಯಲ್ಲಿ ಅದು ತೇಪೆ ಹಾಕಿದ ಹಾಗೆ ಕಾಣುತ್ತೆ.

ಇದಕ್ಕಿಂತ ಮೊದಲು ಮಾಡಬೇಕಾದ್ದು ಒಂದಿದೆ, ಇದನ್ನು ಯಾರೂ ಮಾಡಲ್ಲ. ಅಂಗಡಿಯಿಂದ ಎರಡು ಮೂರು ಸ್ಯಾಂಪಲ್ ಟೈಲ್ ಕೇಳಿ ಮನೆಗೆ ತನ್ನಿ. ಅಂಗಡಿಯ ಲೈಟಲ್ಲಿ ಎಲ್ಲವೂ ಅಪ್ಸರೆ. ನಿಮ್ಮ ಬಾತ್‌ರೂಮಿನ ಬಲ್ಬ್ ಕೆಳಗೆ, ಗೋಡೆಗೆ ಒರಗಿಸಿ ನೋಡಿ. ತೀರಾ ನೀಲಿ ಹೊಡೆಯೋ 6500 ಕೆಲ್ವಿನ್ ಎಲ್‌ಇಡಿಯಲ್ಲಿ ದಂತದ ಬಣ್ಣ ಸತ್ತ ಹಾಗೆ ಕಾಣುತ್ತೆ, 4000ದಲ್ಲಿ ಜೀವ ಬರುತ್ತೆ. ಬಲ್ಬ್ ಬಾಕ್ಸಿನ ಮೇಲೆ ಈ ನಂಬರ್ ಬರೆದಿರುತ್ತೆ. ಆಮೇಲೆ ನಿಮ್ಮ ನಲ್ಲಿ ನೀರನ್ನೇ ಟೈಲ್ ಮೇಲೆ ಚಿಮುಕಿಸಿ, ಒರೆಸಬೇಡಿ, ಒಣಗೋಕೆ ಬಿಡಿ. ಮೂರ್ನಾಲ್ಕು ದಿನ ಹೀಗೆ ಮಾಡಿ. ಯಾವ ಟೈಲ್ ಮೇಲೆ ಚುಕ್ಕಿ ಕಾಣ್ತಿಲ್ವೋ ಅದು ನಿಮ್ಮ ಟೈಲ್. ಚಿಕ್ಕಮ್ಮ ಒಪ್ಪಿದ್ದು ನನ್ನ ಭಾಷಣಕ್ಕಲ್ಲ. ಬ್ರೌನ್ ಸ್ಯಾಂಪಲ್ ಮೇಲೆ ನಾಲ್ಕನೇ ದಿನ ಮೂಡಿದ ಬಿಳಿ ರಂಗೋಲಿಗೆ.

7/9

ಈಗ ಟವೆಲ್. ಟೈಲ್ಸಿಗೆ ಸಾವಿರಾರು ರೂಪಾಯಿ ಸುರಿದು, ಕೊನೆಗೆ ಮದುವೆ ಮನೇಲಿ ಉಡುಗೊರೆಯಾಗಿ ಬಂದ ಕೇಸರಿ ಟವೆಲ್ ನೇತುಹಾಕೋ ನಮ್ಮ ಜನಕ್ಕೆ ಏನು ಹೇಳೋದು?

‘ಒಂದು ಟವೆಲ್ಲಿಂದ ಏನಾಗುತ್ತೆ?’ ಅಳೆಯೋಣ. ಸಾಮಾನ್ಯ ಬಾತ್ ಟವೆಲ್ 70 ಬೈ 140 ಸೆಂ.ಮೀ. ಕಂಬಿ ಮೇಲೆ ಮಧ್ಯಕ್ಕೆ ಮಡಚಿ ಹಾಕಿದ್ರೆ ಕಣ್ಣಿಗೆ ಕಾಣೋದು 70 ಬೈ 70, ಅಂದ್ರೆ ಐದು ಚದರಡಿಗೂ ಮೇಲೆ. 12 ಬೈ 18 ಇಂಚಿನ ಟೈಲ್ ಲೆಕ್ಕದಲ್ಲಿ ಮೂರೂವರೆ ಟೈಲ್. ಮನೇಲಿ ನಾಲ್ಕು ಜನ, ನಾಲ್ಕು ಟವೆಲ್, ನಾಲ್ಕು ಬಣ್ಣ: ಕೇಸರಿ, ನೇವಿ, ಗುಲಾಬಿ, ಮಿಕ್ಕಿ ಮೌಸ್. ಹದಿನಾಲ್ಕು ಟೈಲಿನಷ್ಟು ಜಾಗಕ್ಕೆ ನೀವೇ ಹೈಲೈಟರ್ ಅಂಟಿಸಿದ ಹಾಗೆ ಆಯ್ತು. ಗೋಡೆಗೆ ಬೇಡ ಅಂದಿದ್ದನ್ನು ಕಂಬಿ ಮೇಲೆ ವಾಪಸ್ ಕರೆಸಿಕೊಂಡಿರಿ.

ಹಾಗಾಗಿ ಟವೆಲ್ಲನ್ನೂ ಗೋಡೆಯ ಮನೆತನದಿಂದಲೇ ಆರಿಸಿ. ದಂತದ ಬಣ್ಣದ ಗೋಡೆಗೆ ಮರಳು ಬಣ್ಣ, ಗೋಧಿ ಬಣ್ಣ, ಹೆಚ್ಚೆಂದರೆ ಮಾಸಿದ ಹೆಂಚಿನ ಬಣ್ಣ. ಇಲ್ಲಿ ಒಂದು ಎಚ್ಚರಿಕೆ: ದಂತದ ಗೋಡೆ ಮುಂದೆ ಹೊಚ್ಚ ಬಿಳಿ ಟವೆಲ್ ಹಾಕಬೇಡಿ. ಅಪ್ಪಟ ಬಿಳಿ ಪಕ್ಕಕ್ಕೆ ಬಂದ ಕೂಡಲೇ ಕೆನೆ ಬಣ್ಣ ಹಳದಿ ಹಿಡಿದ ಹಾಗೆ ಕಾಣುತ್ತೆ, ಹಳೇ ಪಂಚೆ ಪಕ್ಕ ಹೊಸ ಪಂಚೆ ಇಟ್ಟ ಹಾಗೆ. ಟೈಲ್ ಕೊಳೆಯಾಗಿಲ್ಲ, ಹೋಲಿಕೆಯಿಂದ ಕೊಳೆ ಕಾಣ್ತಿದೆ, ಅಷ್ಟೇ. ಗೋಡೆ ತಿಳಿ ಬೂದು ಅಥವಾ ತಣ್ಣನೆ ಬಿಳಿ ಇದ್ರೆ ಆಗ ತಿಳಿ ಬೂದು, ಮಾಸಲು ನೀಲಿ, ಒಣಗಿದ ತುಳಸಿ ಎಲೆಯಂಥ ಹಸಿರು. ಅಲ್ಲಿಗೆ ಮರಳು ಬಣ್ಣದ ಟವೆಲ್ ತಂದ್ರೆ ಟವೆಲ್ಲೇ ಕೊಳೆಯಾದ ಹಾಗೆ ಕಾಣುತ್ತೆ.

ಮನೆಯವರ ಟವೆಲ್ ಅದಲು ಬದಲು ಆಗುತ್ತೆ ಅಂತೀರಾ? ಒಂದೇ ಬಣ್ಣದ ನಾಲ್ಕು ತಗೊಂಡು ಮೂಲೆಗೆ ಬೇರೆ ಬೇರೆ ದಾರದಲ್ಲಿ ಒಂದು ಹೊಲಿಗೆ ಹಾಕಿ. ಹಾಸ್ಟೆಲಲ್ಲಿ ಬಟ್ಟೆಗೆ ಗುರುತು ಹಾಕಲ್ವಾ, ಹಾಗೆ. ದಪ್ಪ ಟವೆಲ್ ಕಡ್ಡಾಯ ಏನಲ್ಲ. ಗಾಳಿ ಆಡದ ಬಾತ್‌ರೂಮಿಗೆ ದಪ್ಪ ಟವೆಲ್ಲಿಗಿಂತ ನಮ್ಮ ತೆಳು ಬೈರಾಸೇ ಮೇಲು, ಬೇಗ ಒಣಗುತ್ತೆ, ವಾಸನೆ ಬರಲ್ಲ. ಕೆಂಪು ಚೌಕುಳಿ ಬಿಟ್ಟು ಸಣ್ಣ ಅಂಚಿನ ಕೋರಾ ಬಣ್ಣದ್ದು ತಗೊಳ್ಳಿ ಅಷ್ಟೇ.

8/9

‘ನಮ್ಮದು ಬಾಡಿಗೆ ಮನೆ. ಓನರ್ ಮೊಳೆ ಹೊಡೆಯೋಕೂ ಬಿಡಲ್ಲ. ಟೈಲ್ ಬದಲಾಯಿಸೋ ಮಾತೇ ಇಲ್ಲ.’ ಡಿಎಂನಲ್ಲಿ ಹೆಚ್ಚು ಬಂದಿದ್ದು ಇದೇ. ನಿಮಗೋಸ್ಕರ ಟೇಪ್ ಹಿಡಿದು ಕೂತು ಲೆಕ್ಕ ಹಾಕಿದ್ದೀನಿ.

12 ಬೈ 18ರ ಟೈಲ್ ಅಡ್ಡಡ್ಡ ಇದ್ರೆ ಒಂದು ಸಾಲು 12 ಇಂಚು ಎತ್ತರ. ಡಾರ್ಕ್ ಮೂರು ಸಾಲು, ನೆಲದಿಂದ 36 ಇಂಚಿನವರೆಗೆ. ಹೈಲೈಟರ್ 36ರಿಂದ 48. ಅದರ ಮೇಲೆ ಲೈಟ್, 84ರವರೆಗೆ. ಈಗ ಟವೆಲ್ ಕಂಬಿಯನ್ನು ನೆಲದಿಂದ ಐದಡಿಗೆ, ಅಂದ್ರೆ 60 ಇಂಚಿಗೆ ಹಾಕಿ. ಮಡಚಿದ ಟವೆಲ್ 70 ಸೆಂ.ಮೀ., ಹತ್ತಿರ ಹತ್ತಿರ 28 ಇಂಚು ಕೆಳಗೆ ಇಳಿಯುತ್ತೆ. 60ರಿಂದ ಶುರುವಾಗಿ 32ಕ್ಕೆ ಮುಗಿಯುತ್ತೆ. ಹೂವಿನ ಸಾಲು ಪೂರ್ತಿ ಮುಚ್ಚಿಹೋಯ್ತು! ಟವೆಲ್ ಬಣ್ಣ ಮೇಲಿನ ಲೈಟ್ ಟೈಲಿನದ್ದೇ ಆಗಿದ್ರೆ, ಮೇಲಿನ ಕ್ರೀಮ್ ಬಣ್ಣವೇ ಕೆಳಗಿಳಿದು ಬಂದು ಬ್ರೌನ್ ಒಳಗೆ ನುಗ್ಗಿದ ಹಾಗೆ ಕಾಣುತ್ತೆ. ಎರಡು ಟವೆಲ್ ಪಕ್ಕಪಕ್ಕ ಹಾಕಿದ್ರೆ ನಾಲ್ಕೂವರೆ ಅಡಿ ಉದ್ದಕ್ಕೆ ಸೊಂಟದ ಹಗ್ಗ ಬಿಚ್ಚಿದ ಹಾಗೆ. ಬಾಗಿಲು ತೆಗೆದಾಗ ಮೊದಲು ಕಣ್ಣಿಗೆ ಬೀಳೋ ಗೋಡೆಯನ್ನು ಆರಿಸಿ, ಆದ್ರೆ ಸ್ನಾನದ ನೀರು ಸಿಡಿಯದ ಕಡೆ. ಮೊಳೆ ಬೇಡ ಅಂದ್ರೆ ಅಂಟಿಸೋ ಕಂಬಿ ಸಿಗುತ್ತೆ. ಅಂಟಿಸೋ ಮೊದಲು ಟೈಲ್ ಮೇಲಿನ ಸೋಪಿನ ಜಿಡ್ಡು ಪೂರ್ತಿ ಒರೆಸಿ, ಒಣಗಿಸಿ, ಒಂದು ದಿನ ಭಾರ ಹಾಕದೆ ಬಿಡಿ. ಗ್ರೌಟ್ ಗೆರೆ ಮೇಲೆ ಅಂಟಿಸಬೇಡಿ, ಬೀಳುತ್ತೆ.

ಬ್ರೌನ್‌ಗೆ ಮ್ಯಾಚ್ ಆಗಲಿ ಅಂತ ಬ್ರೌನ್ ಟವೆಲ್ ತರೋರೇ ಹೆಚ್ಚು. ತಪ್ಪು ಅಲ್ಲೇ ಆಗೋದು. ಹಳೇ ಮನೆಯ ಗುಲಾಬಿ, ತಿಳಿ ನೀಲಿ, ಪಿಸ್ತಾ ಹಸಿರು ಟೈಲಿಗೂ ಇದೇ ಸೂತ್ರ: ಟೈಲಲ್ಲಿ ಇರೋ ಬಣ್ಣಗಳಲ್ಲಿ ಎಲ್ಲಕ್ಕಿಂತ ತಿಳಿಯಾದದ್ದು ಯಾವುದೋ, ಅದೇ ಟವೆಲ್ ಬಣ್ಣ. ಅಂದಹಾಗೆ ಬಕೆಟ್, ಮಗ್, ಸ್ಟೂಲ್ ಕೂಡ ಇದೇ ಲೆಕ್ಕಕ್ಕೆ ಬರುತ್ತೆ. ಕಡುಕೆಂಪು ಬಕೆಟ್ಟು, ಹಸಿರು ಮಗ್ಗು ಇಟ್ಕೊಂಡು ಟವೆಲ್ ಮೇಲೆ ಕೋಪ ಮಾಡ್ಕೋಬೇಡಿ.

ಗೋಡೆಗೆ ಅಂಟಿಸೋ ಪ್ಲಾಸ್ಟಿಕ್ ಟೈಲ್ ಸ್ಟಿಕ್ಕರ್ ಬಗ್ಗೆ ಕೇಳಿದ್ರಿ. ಬೇಸಿನ್ ಮೇಲಿನ ಒಣ ಜಾಗಕ್ಕೆ ಸರಿ. ಸ್ನಾನದ ಜಾಗಕ್ಕೆ ಬೇಡ, ಅಂಚಿಂದ ನೀರು ಒಳಗೆ ಹೋಗಿ ಹಿಂದೆ ಕಪ್ಪು ಬೂಷ್ಟು ಕಟ್ಟುತ್ತೆ. ಅಡ್ವಾನ್ಸ್ ವಾಪಸ್ ಕೇಳೋ ದಿನ ಓನರ್ ಅದನ್ನು ಕಿತ್ತು ತೋರಿಸ್ತಾರೆ.

9/9

ಟವೆಲ್ ಬಣ್ಣ ಉಳಿಸ್ಕೊಳ್ಳೋ ವಿಷಯ ಹೇಳಿಬಿಡ್ತೀನಿ. ಇದು ಹುಡುಗ ಹುಡುಗಿ ಎಲ್ಲರಿಗೂ ಬೇಕು.

ಮೊಡವೆಗೆ ಬೆಂಜಾಯ್ಲ್ ಪೆರಾಕ್ಸೈಡ್ ಇರೋ ಜೆಲ್ ಅಥವಾ ಫೇಸ್‌ವಾಶ್ ಹಚ್ತೀರಲ್ಲ, ಅದು ಬಣ್ಣದ ಬಟ್ಟೆಯನ್ನು ಬ್ಲೀಚ್ ಮಾಡುತ್ತೆ. ನೇವಿ ಟವೆಲ್ ಮೇಲೆ ಎಲ್ಲಿಂದಲೋ ಕಿತ್ತಳೆ ಬಣ್ಣದ ಮಚ್ಚೆ ಬಂತು ಅಂತ ಅಮ್ಮ ಸೋಪಿನ ಪುಡಿಗೆ ಬೈತಾರೆ, ಕಳ್ಳ ನಿಮ್ಮ ಮುಖದ ಮೇಲಿರ್ತಾನೆ. ಟ್ಯೂಬಿನ ಹಿಂದೆ ಹೆಸರು ಓದಿ. ಅದು ಇದ್ರೆ ಮುಖಕ್ಕೆ ಮಾತ್ರ ಒಂದು ಸಣ್ಣ ಬಿಳಿ ಟವೆಲ್ ಬೇರೆ ಇಟ್ಕೊಳ್ಳಿ. ನಾನು ಬಿಳಿ ಟವೆಲ್ಲಿಗೆ ಒಪ್ಪೋದು ಇದೊಂದೇ ಕಡೆ. ಬಾಗಿಲ ಹಿಂದಿನ ಹುಕ್ಕಿಗೆ ಹಾಕಿ, ಗೋಡೆ ಮೇಲೆ ಬೇಡ.

ಕಡು ಬಣ್ಣದ ಹೊಸ ಟವೆಲ್ ಬಣ್ಣ ಬಿಡೋದೇ, ಅದು ಪಕ್ಕದ ಮರಳು ಬಣ್ಣದ್ದನ್ನೂ ಕೆಡಿಸುತ್ತೆ, ಬೇರೆಯಾಗಿ ಒಗೀರಿ. ಉಪ್ಪು ನೀರಲ್ಲಿ ಒಗೆದ ಟವೆಲ್ ಹಪ್ಪಳದ ಹಾಗೆ ಗಟ್ಟಿಯಾಯ್ತು ಅಂತ ಕಂಫರ್ಟ್ ಲಿಕ್ವಿಡ್ ಸುರಿಯಬೇಡಿ. ಅದು ನೂಲಿನ ಮೇಲೆ ಪದರ ಕಟ್ಟುತ್ತೆ, ಟವೆಲ್ ಮೆತ್ತಗಾಗುತ್ತೆ, ಆದ್ರೆ ನೀರು ಹೀರಲ್ಲ. ಕೊನೆ ಜಾಲಾಡೋ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ, ಕೂತಿರೋ ಉಪ್ಪು ಬಿಡುತ್ತೆ, ಬಣ್ಣದ ಮೇಲಿನ ಬೂದಿ ಮುಸುಕೂ ಹೋಗುತ್ತೆ. ಬ್ಲೀಚ್ ಹಾಕಿದ ನೀರಿಗೆ ಮಾತ್ರ ವಿನೆಗರ್ ಸೇರಿಸಬೇಡಿ, ಮೂರನೇ ಪೋಸ್ಟಲ್ಲಿ ಹೇಳಿದ ಅದೇ ಗ್ಯಾಸ್ ಇಲ್ಲೂ ಬರುತ್ತೆ. ಗೋಡೆಯ ಬಿಳಿ ಚುಕ್ಕಿಗೂ ಆಸಿಡ್ ಬದಲು ವಿನೆಗರ್ ನೀರು ಸವರಿ ಹತ್ತು ನಿಮಿಷ ಬಿಟ್ಟು ಉಜ್ಜಿ, ಚೆನ್ನಾಗಿ ತೊಳೆಯಿರಿ. ಮಾರ್ಬಲ್ ಇದ್ರೆ ಅದೂ ಬೇಡ, ಕಲ್ಲನ್ನೇ ತಿನ್ನುತ್ತೆ. ಎಲ್ಲಕ್ಕಿಂತ ಸುಲಭದ್ದು ನೆಲ ಎಳೆಯೋ ರಬ್ಬರ್ ವೈಪರಿನ ಚಿಕ್ಕ ತಮ್ಮ. ಸ್ನಾನ ಮುಗಿದ ಮೇಲೆ ಗೋಡೆ ಮೇಲೆ ನಾಲ್ಕು ಸಲ ಎಳೀರಿ. ಹನಿ ನಿಲ್ಲದಿದ್ರೆ ಚುಕ್ಕಿ ಇಲ್ಲ.

ಸದ್ಯಕ್ಕೆ ಇಷ್ಟು. ಹೊಸ ಮನೆ ಕಟ್ಟಿಸ್ತಿರೋರು ಸ್ಯಾಂಪಲ್ ಟೈಲಿಗೆ ನೀರು ಚಿಮುಕಿಸಿ ನಾಲ್ಕನೇ ದಿನದ ಫೋಟೋ ಕಳಿಸಿ. ಬಾಡಿಗೆ ಮನೆಯವರು ಟವೆಲ್ ಹಾಕೋ ಮೊದಲಿನದ್ದು, ಆಮೇಲಿನದ್ದು ಎರಡೂ ಕಳಿಸಿ, ಮುಂದಿನ ವಾರ ಸ್ಟೋರಿಗೆ ಹಾಕ್ತೀನಿ. ಫ್ಲಾಶ್ ಬೇಡ, ಫಿಲ್ಟರ್ ಬೇಡ. 0.5ರಲ್ಲಿ ತೆಗೆದಿದ್ದು ಬಂದ್ರೆ ನೋಡದೇ ಡಿಲೀಟ್.

#ಚಿಕ್ಕಬಾತ್‌ರೂಮ್ #ಟೈಲ್ಸ್‌ಕಥೆ #ಹೈಲೈಟರ್‌ಬೇಡ